ಎಸ್ಸೆಮ್ಮೆಸ್ ಕೋಡ್ ಬಿಟ್ಟು ಅಥೆಂಟಿಕೇಟರ್ ಆಪ್‌ಗೆ ಹೋದವರು ಅನುಭವ ಹೇಳಿ

ಮೂಡಿಗೆರೆ ಹೋಮ್‌ಸ್ಟೇ: ಮನೆಯಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಜಿಮೇಲ್, ಇನ್‌ಸ್ಟಾಗ್ರಾಂ ಕೋಡ್ ಬರಬೇಕಾದರೆ ಗುಡ್ಡ ಹತ್ತಬೇಕು. ಆಪ್‌ಗೆ ಬದಲಾಯಿಸಿದರೆ ಫೋನ್ ಹಾಳಾದಾಗ ಏನು ಗತಿ? ಮಾಡಿಕೊಂಡವರು ಹೇಳಿ.

ಸಕಲೇಶಪುರ ತೋಟ: ನಮ್ಮದೂ ಅದೇ ಕಥೆ, ಹಳ್ಳದ ಪಕ್ಕದ ಮನೆ. ನಾನು ಏಜಿಸ್ ಹಾಕಿಕೊಂಡಿದ್ದೇನೆ, ಆಂಡ್ರಾಯ್ಡ್‌ಗೆ ಮಾತ್ರ ಸಿಗುತ್ತದೆ, ದುಡ್ಡಿಲ್ಲ. ಕೋಡ್ ಹುಟ್ಟುವುದು ಫೋನಿನ ಒಳಗೇ, ಸಿಗ್ನಲ್ಲೂ ಬೇಡ ವೈಫೈಯೂ ಬೇಡ. ಹೋದ ಮಳೆಗಾಲದಲ್ಲಿ ಫೋನ್ ಜೇಬಿನಲ್ಲೇ ನೆನೆದು ಸತ್ತಿತು. ಡಿಸ್‌ಪ್ಲೇ ಹಾಕಿಸಿದೆ, ಆಮೇಲೆ ಬೋರ್ಡೇ ಹೋಗಿದೆ ಅಂದರು, ಡಿಸ್‌ಪ್ಲೇ ದುಡ್ಡು ವಾಪಸ್ ಕೊಡಲಿಲ್ಲ, ಆ ಹೊಟ್ಟೆಯುರಿ ಇನ್ನೂ ಇದೆ. ಆದರೆ ಅಕೌಂಟ್ ಒಂದೂ ಹೋಗಲಿಲ್ಲ. ಯಾಕೆಂದರೆ ಸೆಟ್ ಮಾಡುವಾಗ ಕ್ಯೂಆರ್ ಕೆಳಗೆ `Can't scan it?` ಅಂತ ಬರುತ್ತದಲ್ವಾ, ಅದನ್ನು ಒತ್ತಿದರೆ ಉದ್ದದ ಕೀ ತೋರಿಸುತ್ತದೆ. ಅದನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಹೊಸ ಫೋನಿನಲ್ಲಿ ಅದೇ ಕೀ ಕೈಯಲ್ಲಿ ಟೈಪ್ ಮಾಡಿದೆ, ಕೋಡ್ ಬರಲು ಶುರುವಾಯಿತು. ಫೋನ್ ಯಾವುದಾದರೇನು, ಕೀ ಇದ್ದರೆ ಸಾಕು. ಬರೆಯುವಾಗ ಒಂದು ನೆನಪಿಡಿ: ಆ ಕೀಯಲ್ಲಿ ಸೊನ್ನೆ, ಒಂದು, ಎಂಟು, ಒಂಬತ್ತು ಇರುವುದೇ ಇಲ್ಲ. ದುಂಡಗೆ ಕಂಡದ್ದು `O` ಅಕ್ಷರ, ಸೊನ್ನೆ ಅಲ್ಲ. ನಮ್ಮ ಮಗ ಅದನ್ನೇ ಸೊನ್ನೆ ಅಂತ ಓದಿ ಅರ್ಧ ಮಧ್ಯಾಹ್ನ ಹಾಳು ಮಾಡಿದ.

ಕಡೂರು ಮೇಷ್ಟ್ರು: ಬ್ಯಾಂಕಿನ ಓಟಿಪಿಗೆ ಇದು ನಡೆಯುವುದಿಲ್ಲ ಸ್ವಾಮಿ. ನನ್ನ ಪಿಂಚಣಿ ಖಾತೆಯ ಬ್ಯಾಂಕಿಗೆ ಹೋಗಿ ಕೇಳಿದೆ, ಕೌಂಟರಿನವರು ಆಪ್ ಅಂದರೆ ತಮ್ಮ ಬ್ಯಾಂಕಿನ ಆಪನ್ನೇ ತೋರಿಸುತ್ತಾರೆ. ಯುಪಿಐ ಶುರು ಮಾಡುವಾಗಲೂ ಫೋನಿನಲ್ಲಿರುವ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಸಿಮ್ ಹಾಳಾಗಿ ಹೊಸದು ಹಾಕಿಸಿದಾಗ ಇನ್ನೊಂದು ಪೇಚಾಟ. ಹೊಸ ಸಿಮ್‌ಗೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಸಿಮ್ ಕದ್ದು ಮೋಸ ಮಾಡುವವರನ್ನು ತಡೆಯಲು ಆ ನಿಯಮವಂತೆ, ಸರಿಯೇ. ಆದರೆ ಅದೇ ದಿನ ಮೊಮ್ಮಗಳ ಫೀಸು ಕಟ್ಟಬೇಕಿತ್ತು. ಕಾಲೇಜಿನವರು ದಂಡ ಹಾಕಿದರು.

ಹಾಸನ ಮೊಬೈಲ್ ರಿಪೇರಿ: ಮೇಷ್ಟ್ರೇ, ಅವರು ಕೇಳಿದ್ದು ಜಿಮೇಲ್ ಬಗ್ಗೆ, ಬ್ಯಾಂಕ್ ಬಗ್ಗೆ ಅಲ್ಲ. ಆಪೇ ಬೇಡ ಅಣ್ಣ, ಸುಮ್ನೆ ವೈಫೈ ಕಾಲಿಂಗ್ ಆನ್ ಮಾಡಿ. ಎಸ್ಸೆಮ್ಮೆಸ್ಸೂ ವೈಫೈ ಮೇಲೇ ಬರುತ್ತದೆ, ಅಂಗಡಿಗೆ ಬಂದವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಇಲ್ಲ ಆಪೇ ಬೇಕು ಅಂದರೆ ಗೂಗಲ್ ಅಥೆಂಟಿಕೇಟರ್ ಹಾಕಿ, 2023ರಿಂದ ಅದು ಗೂಗಲ್ ಅಕೌಂಟಿಗೇ ಸಿಂಕ್ ಆಗುತ್ತದೆ, ಬರೆದಿಡುವ ತಲೆನೋವಿಲ್ಲ. ಆಪ್ ಇದ್ದರೆ ಯಾರೂ ಹ್ಯಾಕ್ ಮಾಡೋಕೆ ಆಗಲ್ಲ.

ಸಕಲೇಶಪುರ ತೋಟ: ವೈಫೈ ಕಾಲಿಂಗ್‌ನಲ್ಲಿ ನನಗೆ ಕರೆ ಬರುತ್ತದೆ, ಎಸ್ಸೆಮ್ಮೆಸ್ ಒಮ್ಮೆ ಬರುತ್ತದೆ ಒಮ್ಮೆ ಇಲ್ಲ. ಫೋನು, ಕಂಪನಿ ಎರಡೂ ಹೊಂದಬೇಕು. ಕರೆಂಟ್ ಹೋದರೆ ರೌಟರೂ ಹೋಯಿತು, ನಮ್ಮಲ್ಲಿ ಜುಲೈನಲ್ಲಿ ಕರೆಂಟ್ ಎಷ್ಟು ಇರುತ್ತದೆ ಅಂತ ಹಾಸನ ಪೇಟೆಯಲ್ಲಿ ಕೂತವರಿಗೆ ಏನು ಗೊತ್ತು. ಇನ್ನು ಸಿಂಕ್. ಜಿಮೇಲ್ ತೆರೆಯುವ ಕೋಡನ್ನು ಅದೇ ಜಿಮೇಲ್ ಅಕೌಂಟಿನೊಳಗೆ ಇಟ್ಟಿರಿ. ಇದ್ದ ಒಂದೇ ಫೋನ್ ಕಳೆದ ದಿನ ಅದನ್ನು ಹೇಗೆ ತೆರೆಯುತ್ತೀರಿ?

ಹಾಸನ ಮೊಬೈಲ್ ರಿಪೇರಿ: ಅದಕ್ಕೆ ಬ್ಯಾಕಪ್ ಕೋಡ್ ಇದೆಯಲ್ಲ! ಗೂಗಲ್ ಹತ್ತು ಕೊಡುತ್ತದೆ, ಎಂಟೆಂಟು ಅಂಕಿಯದ್ದು, ಒಂದೊಂದು ಒಂದೇ ಸಲ ನಡೆಯುತ್ತದೆ. ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಪೇಟೆಯವರು ಅಂತ ಹಂಗಿಸಬೇಡಿ ಗೌಡ್ರೇ, ನಿಮ್ಮ ಕಡೆಯವರ ನೆನೆದ ಫೋನ್‌ಗಳನ್ನೆಲ್ಲ ರಿಪೇರಿ ಮಾಡುವುದು ನಾವೇ.

ಚಿಕ್ಕಮಗಳೂರು ಸ್ಟುಡಿಯೋ: "ಹ್ಯಾಕ್ ಮಾಡೋಕೆ ಆಗಲ್ಲ" ಅನ್ನುವುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ನಮ್ಮ ಸ್ಟುಡಿಯೋದ ಇನ್‌ಸ್ಟಾಗ್ರಾಂ ಹೋದದ್ದು ಆಪ್ ಇದ್ದಾಗಲೇ. ಕಾಪಿರೈಟ್ ದೂರು ಬಂದಿದೆ ಅಂತ ಮೆಸೇಜ್ ಬಂತು, ನಮ್ಮ ಹುಡುಗ ಲಿಂಕ್ ಒತ್ತಿದ, ಅದೇ ಥರದ ಪುಟ, ಪಾಸ್‌ವರ್ಡ್ ಕೇಳಿತು, ಆಮೇಲೆ ಆಪಿನ ಆರಂಕಿ ಕೇಳಿತು. ಕೋಡ್ 30 ಸೆಕೆಂಡಿಗೊಮ್ಮೆ ಬದಲಾದರೇನು, ಆ ಕಡೆ ಇರುವವರು ಅಷ್ಟರಲ್ಲೇ ಅದನ್ನು ನಿಜವಾದ ಪುಟದಲ್ಲಿ ಹಾಕಿರುತ್ತಾರೆ. ಒಳಗೆ ಹೋದವರೇ ನಮ್ಮ ಆಪನ್ನು ತೆಗೆದು ತಮ್ಮ ಆಪ್ ಸೇರಿಸಿದರು. ವರ್ಷಗಟ್ಟಲೆ ಹಾಕಿದ ಮದುವೆ ಫೋಟೋಗಳು ಹೋದವು. ಆ ಸೀಸನ್ನಿನ ಬುಕಿಂಗ್ ವಿಚಾರಣೆಗಳೆಲ್ಲ ಆ ಇನ್‌ಬಾಕ್ಸಿನಲ್ಲೇ ಇದ್ದವು. ಅಡ್ವಾನ್ಸ್ ಕೊಟ್ಟವರೊಬ್ಬರು ನಾವು ಓಡಿಹೋದೆವು ಅಂದುಕೊಂಡು ಅಂಗಡಿಗೇ ಬಂದು ಜಗಳ ಮಾಡಿದರು. ಆಪ್ ತಡೆಯುವುದು ಸಿಮ್ ಕದಿಯುವವರನ್ನು. ನಾವೇ ಕೋಡ್ ಓದಿ ಕೊಟ್ಟರೆ ಅದು ಏನೂ ಮಾಡುವುದಿಲ್ಲ. ಈಗ ಜಿಮೇಲ್‌ಗೆ ಪಾಸ್‌ಕೀ ಹಾಕಿದ್ದೇನೆ, ಕೋಡ್ ಬದಲು ಫೋನಿನ ಲಾಕ್ ತೆಗೆದರೇ ಒಳಗೆ ಬಿಡುತ್ತದೆ, ಅದು ನಕಲಿ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ.

ಸಕಲೇಶಪುರ ತೋಟ: ಅಮ್ಮ ಹೇಳಿದ್ದು ಸರಿ. ಇನ್ನೊಂದು ಯಾರೂ ಹೇಳಲಿಲ್ಲ. ಆಪ್ ಸೇರಿಸಿದ ಮೇಲೂ ಗೂಗಲ್‌ನಲ್ಲಿ ನಿಮ್ಮ ನಂಬರ್ ಎರಡನೇ ಹೆಜ್ಜೆಯ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. "ಬೇರೆ ದಾರಿ ನೋಡಿ" ಒತ್ತಿದರೆ ಎಸ್ಸೆಮ್ಮೆಸ್ ಕೋಡ್ ಹೋಗುತ್ತದೆ. ಅದನ್ನು ತೆಗೆಯದಿದ್ದರೆ ಹಿಂಬಾಗಿಲು ತೆರೆದೇ ಇಟ್ಟಂತೆ. ರಿಕವರಿ ನಂಬರ್ ಬೇರೆ ಕಡೆ ಇರುತ್ತದೆ, ಅದನ್ನೂ ನೋಡಿ.

ಹಾಸನ ಮೊಬೈಲ್ ರಿಪೇರಿ: ನಂಬರ್ ತೆಗೆಯಿರಿ ಅಂತ ಸಲಹೆ ಕೊಡುವವರು ಆಮೇಲೆ ಅಳುತ್ತಾ ಅಂಗಡಿಗೆ ಬರುವವರನ್ನು ನೋಡಿಲ್ಲ. ಬ್ಯಾಕಪ್ ಕೋಡ್ ಇಲ್ಲ, ಕೀ ಇಲ್ಲ, ನಂಬರೂ ಇಲ್ಲ. ನಾನೇನು ಮಾಡಲಿ? ಹಳ್ಳಿಯ ಹೋಮ್‌ಸ್ಟೇಗೆ ಸಿಮ್ ಕಳ್ಳ ಬರುವುದಕ್ಕಿಂತ ಫೋನ್ ಹಾಳಾಗುವುದೇ ಜಾಸ್ತಿ.

ಸಕಲೇಶಪುರ ತೋಟ: ಕೀ ಬರೆದಿಟ್ಟು ಆಮೇಲೆ ತೆಗೆಯಿರಿ ಅಂತಲೇ ನಾನು ಹೇಳುವುದು.

ಕಡೂರು ಮೇಷ್ಟ್ರು: ಬರೆದಿಟ್ಟ ಪುಸ್ತಕ ಕಳ್ಳನ ಕೈಗೆ ಸಿಕ್ಕಿದರೆ?

ಬೇಲೂರು ಕಂಡಕ್ಟರ್: ನಾನು ಆಪ್ ಹಾಕಿದ ದಿನವೇ ತೆಗೆಯೋಣ ಅನ್ನಿಸಿತ್ತು. ಪ್ರತಿ ಕೋಡೂ ತಪ್ಪು ತಪ್ಪು ಅಂತಲೇ ಬರುತ್ತಿತ್ತು. ಕಾರಣ ಏನು ಗೊತ್ತಾ? ಬೆಳಗಿನ ಡ್ಯೂಟಿಗೆ ತಡವಾಗಬಾರದು ಅಂತ ಫೋನಿನ ಗಡಿಯಾರ ಐದು ನಿಮಿಷ ಮುಂದೆ ಇಟ್ಟಿದ್ದೆ. ಕೋಡ್ ಲೆಕ್ಕ ಹಾಕುವುದು ಕೀ ಮತ್ತು ಗಂಟೆ ಎರಡನ್ನೂ ಸೇರಿಸಿ. ಅರ್ಧ ನಿಮಿಷ ಆಚೀಚೆ ಆದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ, ಐದು ನಿಮಿಷ ಒಪ್ಪುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ `Set time automatically` ಆನ್ ಮಾಡಿದ ಮೇಲೆ ಮೊದಲ ಕೋಡೇ ಹಿಡಿಯಿತು. ಹೋಮ್‌ಸ್ಟೇ ಅಣ್ಣ, ಸಿಗ್ನಲ್ ಇಲ್ಲದ ಕಡೆ ಗಂಟೆ ನಿಧಾನವಾಗಿ ತಪ್ಪುವುದೂ ಉಂಟು. ನಿಮಗೆ ವೈಫೈ ಇದೆ, ಅದರಿಂದ ಸರಿಯಾಗುತ್ತದೆ.

ಹಾಸನ ಮೊಬೈಲ್ ರಿಪೇರಿ: ಅಂಗಡಿಗೆ ಬರುವ ಅರ್ಧ ಕೇಸು ಇದೇ. ಇದು ನನಗೆ ಗೊತ್ತಿತ್ತು.

ಸಕಲೇಶಪುರ ತೋಟ: ಗೊತ್ತಿದ್ದರೆ ಮೊದಲೇ ಹೇಳಬೇಕಿತ್ತು.

ಚಿಕ್ಕಮಗಳೂರು ಸ್ಟುಡಿಯೋ: ನೀವಿಬ್ಬರೂ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕೇಳಿದವರು ಎಲ್ಲಿ?

ಮೂಡಿಗೆರೆ ಹೋಮ್‌ಸ್ಟೇ: ಇಲ್ಲೇ ಇದ್ದೇನೆ, ಕರೆಂಟ್ ಹೋಗಿತ್ತು. ಜಿಮೇಲ್‌ಗೆ ಏಜಿಸ್ ಹಾಕಿದೆ, ಕೀ ಬರೆದುಕೊಂಡೆ, ಹತ್ತು ಕೋಡ್ ಪ್ರಿಂಟ್ ಚಿಕ್ಕಮಗಳೂರಿನಲ್ಲಿರುವ ತಂಗಿ ಮನೆಯಲ್ಲಿ ಇಡುತ್ತೇನೆ. ಹಳೇ ಫೋನಿನಲ್ಲೂ ಅದೇ ಕೀ ಹಾಕಿ ನೋಡಿದೆ, ಎರಡರಲ್ಲೂ ಒಂದೇ ಕೋಡ್ ಬಂತು. ನಂಬರ್ ಇನ್ನೂ ತೆಗೆದಿಲ್ಲ. ಇನ್‌ಸ್ಟಾಗ್ರಾಂ ನಾಳೆ ಮಾಡುತ್ತೇನೆ. ಮನೆಯವಳ ಫೋನ್ ಐಫೋನ್, ಅದಕ್ಕೆ ಏಜಿಸ್ ಸಿಗುವುದಿಲ್ಲ ಅಂದಿರಿ, ಅವಳಿಗೆ ಯಾವುದು?

ಬೇಲೂರು ಕಂಡಕ್ಟರ್: ಐಫೋನಿನ ಪಾಸ್‌ವರ್ಡ್ಸ್ ಆಪಿನಲ್ಲೇ ಬರುತ್ತದೆ, ಬೇರೆ ಬೇಡ.

ಹಾಸನ ಮೊಬೈಲ್ ರಿಪೇರಿ: ಅದೂ ಐಕ್ಲೌಡ್‌ಗೆ ಸಿಂಕ್ ಆಗುತ್ತದೆ. ಗೂಗಲ್ ಸಿಂಕ್ ಬೇಡ ಅಂದವರು ಇದಕ್ಕೆ ಏನು ಹೇಳುತ್ತಾರೋ ನೋಡೋಣ.