ಸ್ಕ್ರಿಪ್ಟ್ ಇದೆ, ಆಡಿಯೊ ಇದೆ, ಆದರೂ ಕ್ಯಾಪ್ಷನ್ ಒಂಬತ್ತನೇ ನಿಮಿಷದಿಂದ ತಪ್ಪುತ್ತಿದೆ

ಪ್ರಶ್ನೆ: ಮಣ್ಣಿನ ಬಗ್ಗೆ 24 ನಿಮಿಷದ ಕನ್ನಡ ಭಾಷಣದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಭಾಷಣಕಾರರು ಬರೆದುಕೊಂಡು ಬಂದಿದ್ದ ಸ್ಕ್ರಿಪ್ಟ್ ಕೂಡ ಇದೆ. ಪಠ್ಯವನ್ನು ಆಡಿಯೊದ ಸಮಯಕ್ಕೆ ಹೊಂದಿಸುವ `ctc-forced-aligner`ಗೆ ಎರಡನ್ನೂ ಕೊಟ್ಟು SRT ಕ್ಯಾಪ್ಷನ್ ಫೈಲ್ ಮಾಡಿಕೊಂಡೆ. ಮೊದಲ ಒಂಬತ್ತು ನಿಮಿಷ ತುಟಿಗೆ ಸರಿಯಾಗಿ ಕೂರುತ್ತದೆ. ಆಮೇಲೆ ಒಮ್ಮೆಲೇ ಎಡವಟ್ಟು. ಹನ್ನೆರಡನೇ ನಿಮಿಷದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಯಾಕೆ ಹೀಗೆ? ಕೈಯಿಂದ ಎಲ್ಲ ತಿದ್ದಬೇಕಾ?

ವಿಡಿಯೊ ಎಡಿಟರ್ ಒಬ್ಬರು: ಇದು ಫ್ರೇಮ್ ರೇಟ್ ಸಮಸ್ಯೆ. ವಿಡಿಯೊ 25 ಇದ್ದು ಪ್ರಾಜೆಕ್ಟ್ 23.976 ಇದ್ದರೆ ಹೀಗೇ ಆಗೋದು. ಎರಡನ್ನೂ ಒಂದೇ ಮಾಡಿ, ಸರಿಹೋಗುತ್ತದೆ.

ಸಬ್‌ಟೈಟಲ್ ಕೆಲಸ ಮಾಡುವವರು: ಫ್ರೇಮ್ ರೇಟ್ ನೋಡಿಕೊಳ್ಳಬೇಕು, ನಿಜ. ಆದರೆ ಇಲ್ಲಿ ಅದಲ್ಲ. 25 ಮತ್ತು 23.976 ಬೆರೆತರೆ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡು ಜಾರುತ್ತದೆ. ಅದು ಮೊದಲ ನಿಮಿಷದಿಂದಲೇ ಶುರುವಾಗಿ ಬೆಳೆಯುತ್ತಾ ಹೋಗುತ್ತದೆ, ಒಂಬತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುವುದಿಲ್ಲ. ಹನ್ನೆರಡರಲ್ಲಿ ತಾನಾಗಿ ಸರಿಹೋಗುವುದಂತೂ ಇಲ್ಲವೇ ಇಲ್ಲ. ಮಧ್ಯದಲ್ಲಿ ಕೆಟ್ಟು ಮತ್ತೆ ಸರಿಯಾಯಿತು ಅಂದರೆ ಆ ಜಾಗದಲ್ಲಿ ಬರೆದದ್ದೂ ಆಡಿದ್ದೂ ಬೇರೆ ಬೇರೆ ಅಂತಲೇ ಅರ್ಥ.

ಕೇಳಿದವರು ಔಟ್‌ಪುಟ್‌ನ `.json` ಫೈಲ್ ತೆರೆದು, ಒಂಬತ್ತನೇ ನಿಮಿಷದ ಆಚೀಚೆಯ ಕೆಲವು ಸಾಲು ಇಲ್ಲಿ ಹಾಕಿ.

ಕೇಳಿದವರು: ಇದೊಂದು ವಿಚಿತ್ರವಾಗಿ ಕಾಣಿಸಿತು ಸರ್:

```
"start": 542.18, "end": 543.16,
"text": "ಮಳೆ ಬಿದ್ದಾಗ ಮೇಲ್ಪದರದ ಮಣ್ಣು ಕೊಚ್ಚಿಹೋಗುತ್ತದೆ."
```

ಇದರ ಮುಂದಿನ ಮೂರು ವಾಕ್ಯಗಳೂ ಹೀಗೇ ಒಂದೊಂದು ಸೆಕೆಂಡು. ಅದಾದ ಮೇಲೆ ಒಂದೇ ವಾಕ್ಯ ಮುಕ್ಕಾಲು ನಿಮಿಷ ಎಳೆದಿದೆ.

ಸಬ್‌ಟೈಟಲ್ ಕೆಲಸ ಮಾಡುವವರು: ಸಿಕ್ಕಿತು ನೋಡಿ. ಆ ವಾಕ್ಯದಲ್ಲಿ 18 ಅಕ್ಷರ ಇವೆ. ಸಾಮಾನ್ಯ ವೇಗದಲ್ಲಿ ಭಾಷಣ ಮಾಡುವವರಿಗೆ ಅದನ್ನು ಹೇಳಲು ಮೂರು ಸೆಕೆಂಡು ಬೇಕು. ಇಲ್ಲಿ ಒಂದೇ ಸೆಕೆಂಡಿನಲ್ಲಿ ಮುಗಿದಿದೆ. ಅಂದರೆ ಅವರು ಅದನ್ನು ಹೇಳಿಯೇ ಇಲ್ಲ. ಆ ನಾಲ್ಕೂ ವಾಕ್ಯ ಬಿಟ್ಟು, ಸ್ಕ್ರಿಪ್ಟಿನಲ್ಲಿ ಇಲ್ಲದ ಯಾವುದೋ ಕಥೆ ಹೇಳಿರಬೇಕು. ಆ ಮುಕ್ಕಾಲು ನಿಮಿಷ ಕೇಳಿ ನೋಡಿ.

ಅಲೈನರ್ ಮಾತನ್ನು ಅರ್ಥಮಾಡಿಕೊಳ್ಳುವುದಿಲ್ಲ. ನೀವು ಕೊಟ್ಟ ಪ್ರತಿ ಅಕ್ಷರವನ್ನೂ, ಕೊಟ್ಟ ಕ್ರಮದಲ್ಲೇ, ಆಡಿಯೊದ ಎಲ್ಲೋ ಒಂದು ಕಡೆ ಕೂರಿಸಲೇಬೇಕು, ಅಷ್ಟೇ ಅದರ ಕೆಲಸ. ಆಡಿಯೊವನ್ನು ಅದು 20 ಮಿಲಿಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಹೇಳದ ವಾಕ್ಯ ಬಂದಾಗ ಬೇರೆ ದಾರಿ ಇಲ್ಲದೆ ಒಂದೊಂದು ತುಂಡಿಗೆ ಒಂದೊಂದು ರೋಮನ್ ಅಕ್ಷರ ತುರುಕುತ್ತದೆ. ಅದಕ್ಕೇ ಈ ಒಂದು ಸೆಕೆಂಡಿನ ವಾಕ್ಯಗಳು. ಇಡೀ ಆಡಿಯೊಗೆ ಒಟ್ಟಿಗೆ ದಾರಿ ಹುಡುಕುವುದರಿಂದ ಮುಂದೆ ಮಾತು ಸ್ಕ್ರಿಪ್ಟಿಗೆ ಮರಳಿದ ಕೂಡಲೇ ಇದೂ ಮರಳುತ್ತದೆ.

ಈಗ ಪರಿಹಾರ. ಇಲ್ಲಿ ಎರಡು ಬೇರೆ ರೋಗ ಇವೆ, ಒಂದೇ ಮದ್ದು ನಡೆಯಲ್ಲ. ಆಡಿಯೊದಲ್ಲಿ ಹೆಚ್ಚಿಗೆ ಇರುವ ಮಾತಿಗೆ `<star>` ಇದೆ. ಇದು ಏನು ಬಂದರೂ ನುಂಗಿಕೊಳ್ಳುವ ಖಾಲಿ ಗುರುತು. ಪ್ರತಿ ವಾಕ್ಯದ ನಡುವೆ ಅದನ್ನು ಇಡಲು ಹೇಳಿ:

```
ffmpeg -i bhashana.mp4 -ac 1 -ar 16000 bhashana.wav
ctc-forced-aligner --audio_path bhashana.wav \
  --text_path script.txt --language kan --romanize \
  --split_size sentence --star_frequency segment
```

ಸ್ಕ್ರಿಪ್ಟಿನಲ್ಲಿ ಹೆಚ್ಚಿಗೆ ಇರುವುದಕ್ಕೆ ಇದು ಏನೂ ಮಾಡಲ್ಲ. ಹೇಳದ ನಾಲ್ಕು ವಾಕ್ಯವನ್ನು `script.txt`ನಿಂದ ನೀವೇ ಅಳಿಸಬೇಕು. ಕಥೆಗೂ ಕ್ಯಾಪ್ಷನ್ ಬೇಕಿದ್ದರೆ ಕೇಳಿ ಬರೆದು ಆ ಜಾಗದಲ್ಲಿ ಸೇರಿಸಿ. ಬೇಕೇ ಬೇಕು ಅನ್ನುತ್ತೇನೆ ನಾನು. ಕಿವಿ ಕೇಳದವರು ಮುಕ್ಕಾಲು ನಿಮಿಷ ಖಾಲಿ ಪರದೆ ನೋಡುತ್ತಾ ಕೂರಬೇಕಾ?

`script.txt` ತೆರೆದಾಗ ಅಂಕಿಗಳನ್ನೂ ನೋಡಿಬಿಡಿ. `--romanize` ಕೊಟ್ಟರೆ ಒಳಗೆ ಉಳಿಯುವುದು ರೋಮನ್ ಅಕ್ಷರ ಮಾತ್ರ. "2.5 ಸೆಂಟಿಮೀಟರ್" ಅಂತಿದ್ದರೆ "ಎರಡೂವರೆ" ಎಂಬ ಸದ್ದಿಗೆ ಜೋಡಿಯೇ ಸಿಗಲ್ಲ. ಅಲೈನ್ ಮಾಡಲು ಒಂದು ಪ್ರತಿಯಲ್ಲಿ ಅದನ್ನು ಹೇಳಿದ ಹಾಗೆ ಬರೆಯಿರಿ. ತೆರೆಯ ಮೇಲೆ ತೋರಿಸಲು ಅಂಕಿ ಇರುವ ಪ್ರತಿಯನ್ನು ಬೇರೆ ಇಡಿ. ಎರಡರಲ್ಲೂ ವಾಕ್ಯಗಳ ಸಂಖ್ಯೆ ಒಂದೇ ಇದ್ದರೆ ಸಮಯವನ್ನು ಸಾಲಿಗೆ ಸಾಲು ವರ್ಗಾಯಿಸಬಹುದು. "ಡಾ." ಎಂಬಲ್ಲಿನ ಚುಕ್ಕೆಯನ್ನೂ ಅದು ವಾಕ್ಯದ ಕೊನೆ ಅಂದುಕೊಳ್ಳಬಹುದು, ಅಲೈನ್ ಪ್ರತಿಯಲ್ಲಿ "ಡಾಕ್ಟರ್" ಅಂತ ಬರೆದುಬಿಡಿ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? Whisper ಕನ್ನಡ ಬರೆದುಕೊಡುತ್ತದೆ, ಸಮಯದ ಸಮೇತ. ಸ್ಕ್ರಿಪ್ಟೇ ಬೇಡ.

ಸಬ್‌ಟೈಟಲ್ ಕೆಲಸ ಮಾಡುವವರು: ಕನ್ನಡದಲ್ಲಿ ಅದು ಬರೆದದ್ದನ್ನು ಹಾಗೇ ತೆರೆಗೆ ಹಾಕುವ ಧೈರ್ಯ ನನಗಿಲ್ಲ. ಇವರ ಹತ್ತಿರ ಸರಿಯಾದ ಪಠ್ಯ ಕೈಯಲ್ಲೇ ಇದೆ, ಅದನ್ನು ಬಿಟ್ಟು ತಪ್ಪು ತಿದ್ದುತ್ತಾ ಕೂರುವುದು ಯಾಕೆ? ಆದರೆ ಒಂದು ಕೆಲಸಕ್ಕೆ ಅದು ಒಳ್ಳೆಯದು. ಅದರ ಒರಟು ಬರಹವನ್ನು ಸ್ಕ್ರಿಪ್ಟಿನ ಪಕ್ಕ ಇಟ್ಟರೆ ಭಾಷಣಕಾರರು ಎಲ್ಲಿ ಬಿಟ್ಟರು, ಎಲ್ಲಿ ಸೇರಿಸಿದರು ಅಂತ ಬೇಗ ಕಾಣುತ್ತದೆ.

ಕೇಳಿದವರು: ಸರಿ ಸರ್. ಅವರು "ಮಾಡುತ್ತಾರೆ" ಅಂತ ಬರೆದಲ್ಲೆಲ್ಲ "ಮಾಡ್ತಾರೆ" ಅಂದಿದ್ದಾರೆ. ಅದನ್ನೂ ತಿದ್ದಬೇಕಾ?

ಸಬ್‌ಟೈಟಲ್ ಕೆಲಸ ಮಾಡುವವರು: ಬೇಡ. ನುಂಗಿದ ಒಂದು ಉಕಾರಕ್ಕೆ ಒಂದು ತುಂಡು, ಅಂದರೆ 20 ಮಿಲಿಸೆಕೆಂಡು, ವ್ಯರ್ಥವಾಗುತ್ತದೆ. ಯಾರ ಕಣ್ಣಿಗೂ ಬೀಳಲ್ಲ. ಕಣ್ಣಿಗೆ ಬೀಳುವುದು ವಾಕ್ಯದ ಕೊನೆ. ಈ ಬಗೆಯ ಮಾದರಿ ಅಕ್ಷರದ ಸದ್ದು ಗುರುತಾದ ಕೂಡಲೇ ಅದನ್ನು ಮುಗಿಸಿಬಿಡುತ್ತದೆ. "ಹೋಗುತ್ತದೇ..." ಎಂದು ಎಳೆದ ಬಾಲ ಹೊರಗೇ ಉಳಿಯುತ್ತದೆ, ಮಾತು ಮುಗಿಯುವ ಮೊದಲೇ ಕ್ಯಾಪ್ಷನ್ ಮಾಯ. ನಾನು ಪ್ರತಿ ಕ್ಯಾಪ್ಷನ್ನಿನ ಕೊನೆಗೆ 0.3 ಸೆಕೆಂಡು ಸೇರಿಸುತ್ತೇನೆ, ಮುಂದಿನದರ ಮೇಲೆ ಬೀಳದ ಹಾಗೆ.

ಉದ್ದ ವಾಕ್ಯವನ್ನು ಎರಡು ಕ್ಯಾಪ್ಷನ್ ಮಾಡುವಾಗ ಒಂದು ಎಚ್ಚರ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಇಂಗ್ಲಿಷಿಗೆ ಇಟ್ಟ ಮಿತಿಯನ್ನು ಹಾಗೇ ಬಿಟ್ಟರೆ ಸಾಲು ಅರ್ಧಕ್ಕೇ ಮುರಿಯುತ್ತದೆ.

ನಾಟಕದವರೊಬ್ಬರು: ನಮ್ಮ ನಾಟಕದ ಸ್ಕ್ರಿಪ್ಟು ನುಡಿ ಫಾಂಟಿನಲ್ಲಿದೆ. ಅಲೈನರ್‌ಗೆ ಕೊಟ್ಟರೆ ಏನೇನೋ ಬರುತ್ತದೆ. ಇಬ್ಬರು ಒಟ್ಟಿಗೆ ಮಾತಾಡುವ ದೃಶ್ಯಗಳೂ ಇವೆ.

ಸಬ್‌ಟೈಟಲ್ ಕೆಲಸ ಮಾಡುವವರು: ಹಳೆಯ ನುಡಿ ಫೈಲಿನಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ ಬದಲಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಕನ್ನಡವೇ ಕಾಣುತ್ತದಾ ನೋಡಿ. ಒಟ್ಟಿಗೆ ಮಾತಾಡುವುದು ಕಷ್ಟ. ಅಲೈನರ್‌ಗೆ ಒಂದು ಸಾಲಿನ ನಂತರ ಇನ್ನೊಂದು ಸಾಲು ಮಾತ್ರ ಗೊತ್ತು. ಇಬ್ಬರಿಗೂ ಬೇರೆ ಮೈಕ್ ಇದ್ದರೆ ಬೇರೆ ಬೇರೆಯಾಗಿ ಅಲೈನ್ ಮಾಡಿ. ಒಂದೇ ಮೈಕ್ ಆಗಿದ್ದರೆ ಆ ಭಾಗ ನಾನು ಕೈಯಿಂದಲೇ ಮಾಡುತ್ತೇನೆ.

ನಾಟಕದವರೊಬ್ಬರು: ಒಂದೇ ಮೈಕ್. ಧ್ವನಿ ಬೇರ್ಪಡಿಸುವ ಸಾಧನಗಳಿಂದ ಯಾರಿಗಾದರೂ ಕೆಲಸ ಆಗಿದೆಯಾ?

ಕೇಳಿದವರು: ಆ ನಾಲ್ಕು ವಾಕ್ಯ ತೆಗೆದು, ಕಥೆ ಬರೆದು ಸೇರಿಸಿ ಮತ್ತೆ ಓಡಿಸಿದೆ. ಒಂಬತ್ತರಿಂದ ಹನ್ನೆರಡು ಈಗ ಸರಿಯಾಗಿದೆ. ಆದರೆ ಹದಿನೇಳನೇ ನಿಮಿಷದಲ್ಲಿ ಚಪ್ಪಾಳೆಯ ಮೇಲೇ ಒಂದು ಸಾಲು ಶುರುವಾಗುತ್ತಿದೆ.

ಸಬ್‌ಟೈಟಲ್ ಕೆಲಸ ಮಾಡುವವರು: `.json`ನಲ್ಲಿ ಆ ಸಾಲಿನ ಹೊಂದಾಣಿಕೆಯ ಅಂಕ, ಅಂದರೆ `score`, ಅಕ್ಕಪಕ್ಕದವಕ್ಕಿಂತ ತೀರಾ ಕೆಳಗಿದೆಯಾ ನೋಡಿ. ಇದ್ದರೆ ಚಪ್ಪಾಳೆಯಲ್ಲಿ ಅವರ ಮೊದಲ ಪದಗಳು ಮುಳುಗಿಹೋಗಿರಬಹುದು. ಅಲ್ಲಿ ಆಡಿಯೊ ತುಂಡು ಮಾಡಿ ಬೇರೆಯಾಗಿ ಅಲೈನ್ ಮಾಡುವುದಕ್ಕಿಂತ, ಆ ಒಂದು ಸಮಯ ಕೈಯಿಂದ ತಿದ್ದುವುದೇ ಬೇಗ.