ಸಹಾಯ ಬೇಕು: ತಲೆಮರೆಸಿಕೊಂಡ ಆರೋಪಿಯ ಜಂಟಿ ಜಮೀನು ಜಪ್ತಿ, ತಾಯಿ ಮತ್ತು ತಮ್ಮನ ಪಾಲು ಬಿಡಿಸುವುದು ಹೇಗೆ?

ಕ್ರಿಮಿನಲ್ ಕಡೆ ಕೆಲಸ ಮಾಡುವ ವಕೀಲ ಮಿತ್ರರಲ್ಲಿ ವಿನಂತಿ. ವಂಚನೆ ಪ್ರಕರಣದ ಆರೋಪಿ ತಲೆಮರೆಸಿಕೊಂಡಿದ್ದಾನೆ. ಮ್ಯಾಜಿಸ್ಟ್ರೇಟರು ಬಿಎನ್ಎಸ್ಎಸ್ ಕಲಂ 84ರಡಿ ಉದ್ಘೋಷಣೆ ಹೊರಡಿಸಿ, ನಂತರ ಕಲಂ 85ರಡಿ 3 ಎಕರೆ ಜಮೀನು ಜಪ್ತಿಗೆ ಆದೇಶಿಸಿದ್ದಾರೆ. ಕಂದಾಯದ ಜಮೀನಾದ್ದರಿಂದ ಜಪ್ತಿ ಜಿಲ್ಲಾಧಿಕಾರಿ ಮೂಲಕ ಆಗಿದೆ, ಪಹಣಿಯ 11ನೇ ಕಾಲಂನಲ್ಲೂ ನಮೂದಾಗಿದೆ. ಆದರೆ 9ನೇ ಕಾಲಂನಲ್ಲಿ ಆರೋಪಿ, ಅವನ ತಾಯಿ, ತಮ್ಮ ಮೂವರ ಹೆಸರೂ ಜಂಟಿಯಾಗಿದೆ. ತಂದೆ ತೀರಿದ ಮೇಲೆ ಪೌತಿ ಖಾತೆಯಾಗಿದ್ದು, ವಿಭಾಗ ಆಗಿಲ್ಲ. ಪಾಪ, ಪ್ರಕರಣಕ್ಕೂ ಆ ತಾಯಿಗೂ ಯಾವ ಸಂಬಂಧವೂ ಇಲ್ಲ.

ಜಪ್ತಿ ಆಗಿದ್ದು 2025ರ ಫೆಬ್ರುವರಿ 14. ಮೂರನೆಯವರು ಕಲಂ 87ರಡಿ ಆರು ತಿಂಗಳೊಳಗೆ ಹಕ್ಕು ಹೇಳಬೇಕು, ಅಂದರೆ ಆಗಸ್ಟ್ 14ರೊಳಗೆ. ಅರ್ಜಿ ವಜಾ ಆದರೆ ಒಂದು ವರ್ಷದೊಳಗೆ ಸಿವಿಲ್ ದಾವೆಯ ದಾರಿ ಇದೆ, ಗೊತ್ತು.

ನನ್ನ ಗೊಂದಲ ಎರಡು. ತಾಯಿ ಮತ್ತು ತಮ್ಮನಿಗೆ ತಲಾ ಮೂರನೇ ಒಂದು ಪಾಲು ಇದೆಯೆಂದು ತೋರಿಸಲು ವಂಶವೃಕ್ಷ, ಪಹಣಿ, ಮ್ಯುಟೇಶನ್ ಪ್ರತಿ ಸಾಕೇ, ಅಥವಾ ಮೊದಲೇ ವಿಭಾಗದ ದಾವೆ ಹೂಡಿರಬೇಕೇ?

ಇನ್ನೊಂದು, ಉದ್ಘೋಷಣೆ ಮನೆಗೆ ಅಂಟಿಸಿದ್ದು ಜನವರಿ 6, ಹಾಜರಾತಿ ದಿನ ಜನವರಿ 27. ಕಾನೂನು ಕೇಳುವ ಕನಿಷ್ಠ 30 ದಿನದ ಬದಲು 21 ದಿನವಷ್ಟೇ ಸಿಕ್ಕಿದೆ. ಈ ದೋಷವನ್ನು ತಾಯಿಯೇ ಹಕ್ಕಿನ ಅರ್ಜಿಯಲ್ಲಿ ಎತ್ತಬಹುದೇ, ಅಥವಾ ಪ್ರತ್ಯೇಕ ರಿವಿಜನ್ ಬೇಕೇ? ಇಂಥ ಅರ್ಜಿ ನಡೆಸಿದವರು ದಯವಿಟ್ಟು ತಿಳಿಸಿ.