ಬಟನ್ ಫೋನಿನವ್ರಿಗೆ ಐದು ನಿಮಿಷದ ಧ್ಯಾನ: ಅನುಭವ ಇದ್ದವ್ರು ಹೇಳ್ರಿ

ಹಾವೇರಿ ಕಡಿಯಿಂದ ಪ್ರಶ್ನೆ: ನಮ್ಮ ಸಭೆಯ ವಯಸ್ಸಾದವ್ರ ಹತ್ರ ಬಟನ್ ಫೋನ್ ಅಷ್ಟ ಅದಾವ. ಅವ್ರು ಮಿಸ್ಡ್ ಕಾಲ್ ಕೊಟ್ರ ವಾಪಸ್ ಕಾಲ್ ಹೋಗಿ ಐದು ನಿಮಿಷದ ಧ್ಯಾನ ಕೇಳ್ಸೂ ವ್ಯವಸ್ಥಾ ಮಾಡೇವಿ. ಮೊದಲ್ನೇದು ಲೂಕ 15ರ ಕಳೆದ ನಾಣ್ಯದ ಕಥಿ. ಭಾನುವಾರದ ಪ್ರಸಂಗಾನ ಸಣ್ಣದು ಮಾಡಿ ಓದಿ ರೆಕಾರ್ಡ್ ಮಾಡಿದ್ವಿ, ಬಾಳ ಮಂದಿ ಅರ್ಧಕ್ಕ ಕಟ್ ಮಾಡಾಕತ್ತಾರ. ಹೆಂಗ ಬರೀಬೇಕ್ರಿ?

ಬೆಟಗೇರಿಯಿಂದ ಒಬ್ರು:
ಬ್ರದರ್, ಪ್ರಸಂಗ ಸಣ್ಣದು ಮಾಡಿದ್ರ ಧ್ಯಾನ ಆಗೂದಿಲ್ರಿ, ಹೊಸದಾಗೇ ಬರೀಬೇಕು. ಲೂಕ 15ರಾಗ ಕುರಿ, ನಾಣ್ಯ, ಮಗ ಮೂರೂ ಅದಾವ, ಪ್ರಸಂಗದಾಗ ಮೂರೂ ತಂದು ಜೋಡಸ್ತೀವಿ, ಆದ್ರ ಐದು ನಿಮಿಷಕ್ಕ ನಾಣ್ಯ ಒಂದ ಸಾಕು. ಅದ್ರಾಗೂ ಹೇಳೂ ಮಾತು ಒಂದ ಇರ್ಲಿ. ನಾನು ಇಟ್ಕೊಂಡಿದ್ದು ಇದು: ನಾಣ್ಯಕ್ಕ ತಾನು ಕಳದೇನಿ ಅನ್ನೂದು ಗೊತ್ತಿಲ್ಲ, ಹುಡುಕೂದೆಲ್ಲಾ ಅದನ್ನ ಕಳಕೊಂಡಾಕಿದ. ಈ ಮಾತನ್ನ ನಡುವ ಒಮ್ಮೆ, ಮುಗಿಯೂ ಮುಂದ ಒಮ್ಮೆ, ಅದ ಶಬ್ದದಾಗ ಹೇಳ್ರಿ. ಪುಸ್ತಕ ಆದ್ರ ಹಿಂದಿನ ಹಾಳಿ ತಿರುವಿ ನೋಡ್ಬಹುದು, ಫೋನಿನ್ಯಾಗ ಹೋದ ಮಾತು ಹೋತು, ಅದಕ್ಕ ಶಬ್ದ ಬದಲಿ ಮಾಡಿದ್ರ ಅಜ್ಜಿಗೆ ಅದು ಎರಡನೇ ವಿಷಯ ಅನಸ್ತೈತಿ.

ಪದದ ಲೆಕ್ಕ ಅಂದ್ರ, ನಾನು ನಿಧಾನಕ್ಕ ಓದಿದ್ರ ನಿಮಿಷಕ್ಕ ಹೆಚ್ಚುಕಡಿಮಿ 80-90 ಪದ ಆಗ್ತಾವ. ಶುರುವಿನ ನಮಸ್ಕಾರ, ಕೊನಿಯ ಪ್ರಾರ್ಥನೆ ಎಲ್ಲಾ ಹಿಡದು 400 ಪದದ ಒಳಗ ಮುಗೀಬೇಕು. ಅದಕ್ಕಿಂತ ಹೆಚ್ಚಿದ್ರ ಓಡ್ಸಿ ಓದ್ತೀರಿ, ಓಡ್ಸಿದ್ದು ಆ ಸಣ್ಣ ಸ್ಪೀಕರ್‍ನ್ಯಾಗ ಕಲಸಿಬಿಡ್ತೈತಿ.

ಇನ್ನ ವಾಕ್ಯ. "ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡು ದೀಪ ಹಚ್ಚಿ ಹುಡುಕಿದ ಸ್ತ್ರೀಯ ಸಂತೋಷವು" ಅಂತ ಬರದ್ರ ಕಣ್ಣಿಗೆ ಸರಿ, ಕಿವಿಗೆ ಭಾರ, ಯಾಕಂದ್ರ "ಸ್ತ್ರೀಯ" ಅನ್ನೂತನಕ ಯಾರ ಸುದ್ದಿ ಅಂತ ಗೊತ್ತಾಗೂದಿಲ್ಲ, ಅಲ್ಲೀತನಕ ಎಲ್ಲಾ ತಲಿಯಾಗ ಹೊತ್ಕೊಂಡು ಕುಂದರ್ಬೇಕು. ಮೊದ್ಲ ಆಳು ಬರ್ಲಿ, ಆಮ್ಯಾಲೆ ಕೆಲಸ. ನಂದು ಹಿಂಗಿತ್ತು:

"ಒಬ್ಬಾಕಿ ಹೆಣ್ಮಗಳು. ಆಕಿ ಹತ್ರ ಹತ್ತು ಬೆಳ್ಳಿ ನಾಣ್ಯ. ಒಂದೊಂದು ನಾಣ್ಯ ಅಂದ್ರ ಒಂದೊಂದು ದಿನದ ಕೂಲಿ. ಎಣಿಸಿದ್ಲು, ಒಂಬತ್ತು. ಮತ್ತೊಮ್ಮೆ ಎಣಿಸಿದ್ಲು, ಒಂಬತ್ತ. ಮನಿಯಾಗ ಕತ್ತಲ. ದೀಪಾ ಹಚ್ಚಿದ್ಲು. ಕಸಬರಿಗಿ ತಗೊಂಡ್ಲು. ಮೂಲಿ ಮೂಲಿ ಗುಡಿಸಿದ್ಲು."

ಅಧ್ಯಾಯ, ವಚನದ ನಂಬರ್ ಕಥಿಗಿಂತ ಮೊದ್ಲ ಬ್ಯಾಡ. ಸತ್ಯವೇದ ತಗದು ಕುಂತಿರೂದಿಲ್ಲ ಅವ್ರು, ಎಷ್ಟೋ ಮಂದಿಗೆ ಓದಾಕೂ ಬರೂದಿಲ್ಲ. "ಯೇಸುಸ್ವಾಮಿ ಹೇಳಿದ ಕಥಿ" ಅಂದ್ರ ಸಾಕು, ಲೂಕ 15 ಅಂತ ಕೊನಿಗೆ ಒಂದ್ಸಲ ಹೇಳ್ರಿ.

ಧಾರವಾಡದಿಂದ, ರೇಡಿಯೋಕ್ಕ ಬರದವ್ರು:
ಮೇಲಿನವ್ರು ಹೇಳಿದ್ದೆಲ್ಲಾ ಖರೆ. ಆದ್ರ ಹಿನ್ನೆಲಿ ಸಂಗೀತ ಇಲ್ದ ಭಕ್ತಿ ಬರೂದಿಲ್ರಿ, ಬರೀ ಮಾತು ಒಣಾ ಒಣಾ ಅನಸ್ತೈತಿ. ಸಣ್ಣಗೆ ಹಾರ್ಮೋನಿಯಂ ಬಿಡ್ರಿ, ಗುಡಿಸೂ ಸಪ್ಪಳಾ, ನಾಣ್ಯ ಬೀಳೂ ಸಪ್ಪಳಾನೂ ಹಾಕ್ರಿ, ಚಿತ್ರ ಕಣ್ಣಿಗೆ ಕಟ್ತೈತಿ. ಮತ್ತ ನಡು ನಡುವ "ನಾವು ಕೇಳಾಕತ್ತಿದ್ದು ಕಳೆದ ನಾಣ್ಯದ ಕಥಿ" ಅಂತ ನೆನಪು ಮಾಡ್ರಿ, ರೊಟ್ಟಿ ಬಡಕೋತ ಕೇಳವ್ರು ಅರ್ಧಕ್ಕ ಬಂದು ಕೂಡಿರ್ತಾರ.

ಬೆಟಗೇರಿಯವ್ರೇ:
ಸರ್, ರೇಡಿಯೋಕ್ಕ ನೀವು ಹೇಳಿದ್ದು ಸರಿ. ಫೋನ್ ಕಾಲ್‍ನ್ಯಾಗ ನಡೂದಿಲ್ರಿ. ಫೋನಿನ ಲೈನ್ ಇರೂದ ಮಾತಿಗಾಗಿ, ಸಾದಾ ಕಾಲ್‍ನ್ಯಾಗ ಹೆಚ್ಚುಕಡಿಮಿ 300ರಿಂದ 3400 ಹರ್ಟ್ಸ್ ಅಷ್ಟ ದಾಟ್ತೈತಿ. ಹಾರ್ಮೋನಿಯಂ ಹಾಕಿದ್ರ ಸ್ವರ ಅಲ್ಲಾಡಿ, ನೀರಾಗಿಂದ ಕೇಳಿಸಿದಂಗ ಆಗಿ, ಮಾತನ್ನೂ ನುಂಗತೈತಿ. ಗುಡಿಸೂ ಸಪ್ಪಳಾ ನಾನೂ ಕೇಳ್ಸಿ ನೋಡೇನಿ, ಖರ್ ಖರ್ ಅಂತ ಬಂದ ಕೂಡ್ಲೇ ಅಜ್ಜ "ನೆಟ್‍ವರ್ಕ್ ಇಲ್ಲೋ" ಅಂತ ಫೋನ್ ಇಟ್ಟಬಿಟ್ಟ. ಸಪ್ಪಳಾನ ಬಾಯಿಲೆ ಹೇಳ್ರಿ: "ಟಣ್ ಅಂತು ಒಂದು ಮೂಲ್ಯಾಗ". ಅದು ಯಾವ ಫೋನಿನ್ಯಾಗೂ ದಾಟ್ತೈತಿ. ಸ, ಶ, ಫ ಮಾತ್ರ ಲೈನ್‍ನ್ಯಾಗ ಅಸ್ಪಷ್ಟ ಆಗ್ತಾವ, ಅದಕ್ಕ ಅಪರೂಪದ ಹೆಸರು ಬಂದ್ರ ಎರಡು ಸಲ ಹೇಳ್ರಿ.

ನಡುವ ನೆನಪು ಮಾಡೂದು ಫೋನಿಗೆ ಬೇಕಿಲ್ಲ, ಅವ್ರು ಮೊದಲಿಂದಾನ ಕೇಳ್ತಾರ. ಆದ್ರ ಫೋನ್ ಎತ್ತಿ ಕಿವಿಗೆ ಹಚ್ಚೂತನಕ ಮೊದ್ಲಿನ ಒಂದೆರಡು ಮಾತು ಹೋಗ್ತಾವ, ಅಲ್ಲಿ ಬರೀ ನಮಸ್ಕಾರ ಇರ್ಲಿ. ಅದರ ಬೆನ್ನಿಗೇ ಯಾರು, ಯಾವ ಊರ ಸಭೆ ಅಂತ ಪರಿಚಯದ ದನಿಯಾಗ ಹೇಳ್ರಿ, ಇಲ್ಲಾಂದ್ರ ಸಾಲ ಕೊಡೂ ಕಂಪನಿ ರೆಕಾರ್ಡಿಂಗ್ ಅಂತ ಕಟ್ ಮಾಡ್ತಾರ.

ಹುಬ್ಬಳ್ಳಿಯಿಂದ:
ನಾವು ದಿನಾ ಮುಂಜಾನೆ ವಾಟ್ಸಾಪ್‍ನ್ಯಾಗ ಶರಣರ ವಚನ ಚಿಂತನ ಹಾಕ್ತೇವಿ. ಚಂದನ ಫೋಟೋ ಮ್ಯಾಲೆ ವಚನ ಬರದು, ಕೆಳಗ ಆಡಿಯೋ ಹಚ್ರಿ, ಮಂದಿ ತಾವ ಫಾರ್ವರ್ಡ್ ಮಾಡ್ತಾರ.

ಹಾವೇರಿಯವ್ರು:
ಅಣ್ಣಾರ, ನಮ್ಮವ್ರ ಫೋನಿನ್ಯಾಗ ವಾಟ್ಸಾಪ್ ಇಲ್ರಿ, ಬರೀ ಕಾಲ್.

ಹುಬ್ಬಳ್ಳಿಯಿಂದ:
ಹೌದಾ, ಅದನ್ನ ನೋಡಲಿಲ್ಲ ನಾ. ಹಂಗಾದ್ರ ಒಂದು ಮಾತು: ನಾವು ವಚನಾನ ಮೊದ್ಲ ಪೂರ್ತಿ ಒಮ್ಮೆ ಓದಿ, ಆಮ್ಯಾಲೆ ಅರ್ಥ ಹೇಳಿ, ಕೊನಿಗೆ ಮತ್ತ ಪೂರ್ತಿ ಓದ್ತೇವಿ. ಎರಡನೇ ಸಲಕ್ಕ ಕೇಳವ್ರು ಜೋಡಿ ಹೇಳ್ತಾರ. ನಿಮ್ಮ ವಾಕ್ಯಕ್ಕೂ ಆಗಬಹುದು.

ರಾಣೆಬೆನ್ನೂರಿಂದ ಒಬ್ರು:
ಕಥಿ ನಮ್ಮ ಕಡಿ ಮಾತಿನ್ಯಾಗ ಹೇಳ್ರಿ, ಒಪ್ತೀನಿ. ಆದ್ರ ದೇವರ ವಾಕ್ಯ ಸತ್ಯವೇದದಾಗ ಹೆಂಗೈತಿ ಹಂಗ ಓದ್ಬೇಕು. ನಮ್ಮವ್ವಗ ಅದು ಬಾಯಿಪಾಠ, ಬ್ಯಾರೆ ಮಾತಿನ್ಯಾಗ ಕೇಳಿದ್ರ "ಇದು ವಾಕ್ಯ ಅಲ್ಲ" ಅಂತಾಳ.

ಬೆಟಗೇರಿಯವ್ರು:
ನಿಮ್ಮವ್ವಾರಿಗೆ ಖರೆ. ನಮ್ಮ ಓಣ್ಯಾಗ ಹೊಸದಾಗಿ ಕೇಳವ್ರೂ ಅದಾರ, ಅವ್ರಿಗೆ ಆ ಭಾಷಾ ತಲಿಗೆ ಹತ್ತೂದಿಲ್ಲ. ನಾನು ಒಂದ ಸಾಲು ಇದ್ದದ್ದು ಇದ್ದಂಗ ಓದಿ ಉಳಿದದ್ದು ಆಡುಮಾತಿನ್ಯಾಗ ಹೇಳ್ತೀನಿ, ಆದ್ರ ಇದಕ್ಕ ಎಲ್ಲಾರೂ ಒಪ್ಪಿಲ್ಲ.

ಹಾವೇರಿಯವ್ರು:
ಒಂದು ಸಂಶಯ. ಮೂರು ನಿಮಿಷ ಆದ ಮ್ಯಾಲೆ ಸುಮ್ನ ಕುಂತು ಯೋಚನೆ ಮಾಡಾಕ ಸ್ವಲ್ಪ ಹೊತ್ತು ಬಿಟ್ಟಿದ್ವಿ. ಲಿಸ್ಟ್ ನೋಡಿದ್ರ ಬಾಳ ಕಾಲ್ ಅಲ್ಲೇ ಕಟ್ ಆಗ್ಯಾವ.

ಬೆಟಗೇರಿಯವ್ರು:
ಅದ ನೋಡ್ರಿ ಕಾರಣ! ಫೋನಿನ್ಯಾಗ ಎರಡು ಮೂರು ಸೆಕೆಂಡ್ ದನಿ ಇಲ್ಲಾಂದ್ರ "ಹಲೋ, ಹಲೋ" ಅಂದು ಇಟ್ಟಬಿಡ್ತಾರ. ಮೌನ ಬೇಕಂದ್ರ ಮೊದ್ಲ ಹೇಳ್ರಿ, "ಈಗ ಸ್ವಲ್ಪ ಸುಮ್ನಿರೋಣ, ಫೋನ್ ಇಡಬ್ಯಾಡ್ರಿ, ನಾನು ಇಲ್ಲೇ ಅದೇನಿ", ಆಮ್ಯಾಲೂ ಐದು ಸೆಕೆಂಡ್ ದಾಟಬ್ಯಾಡ್ರಿ. ಇಲ್ಲಾಂದ್ರ ಮೌನದ ಬದ್ಲಿ ಒಂದು ಪ್ರಶ್ನೆ ಕೇಳಿ ನೀವ ನಿಧಾನಕ್ಕ ಎರಡು ಸಲ ಓದ್ರಿ: "ನಿಮ್ಮನ್ನ ಯಾರು ಹುಡುಕಾಕತ್ತಾರ, ಗೊತ್ತೈತೇನು?"

ಹೊಸಾದು ರೆಕಾರ್ಡ್ ಆದ ಮ್ಯಾಲೆ ನಿಮ್ಮ ಟಚ್ ಫೋನಿನ್ಯಾಗ ಕೇಳಿ ಸರಿ ಅನ್ನಬ್ಯಾಡ್ರಿ. ಅವ್ರ ಬಟನ್ ಫೋನಿಗೇ ಕಾಲ್ ಹೋಗ್ಲಿ, ಸ್ಪೀಕರ್ ಹಚ್ಚಿ, ಕಟ್ಟಿ ಮ್ಯಾಲೆ ಕುಂದರ್ಸಿ ಕೇಳ್ಸಿ. ಮರುದಿನ "ಏನ್ ಕೇಳಿದ್ರಿ ಅಜ್ಜಿ" ಅಂತ ಕೇಳ್ರಿ. "ಚಂದ ಹೇಳಿದ್ರಿ" ಅಂದು ಸುಮ್ನಾದ್ರ ಏನೂ ಉಳದಿಲ್ಲ. ಕಥಿ ಹೇಳಿ, ಹುಡುಕಿದಾಕಿ ಸುದ್ದಿ ಹೇಳಲಿಲ್ಲ ಅಂದ್ರ ಆ ಒಂದ ಮಾತು ನಡುವಿನ್ಯಾಗ ಕೇಳ್ಸಿಲ್ಲ, ಅಲ್ಲಿ ತಿದ್ರಿ.

ಧಾರವಾಡದವ್ರು:
ಸಂಗೀತದ್ದು ಫೋನಿಗೆ ಬ್ಯಾಡ, ಒಪ್ಪಿದೆ. ಶುರುವಿಗೆ ಬಾಯಿಲೆ ಒಂದು ಸಾಲು ಹಾಡಿದ್ರ ಆಗ್ತೈತೇನ್ರಿ?

ಬೆಟಗೇರಿಯವ್ರು:
ಒಬ್ಬರ ದನಿ ಆದ್ರ ನಡೀತೈತಿ. ನಾಲ್ಕು ಮಂದಿ ಕೂಡಿ ಹಾಡಿದ್ರ ಶಬ್ದ ತಿಳಿಯೂದಿಲ್ಲ. ಮತ್ತ ಹಾವೇರಿ ಬ್ರದರ್, ಕೊನಿಗೆ "ಮತ್ತೊಮ್ಮೆ ಕೇಳ್ಬೇಕಂದ್ರ ಒಂದು ಒತ್ರಿ" ಅಂತ ಹೇಳೂದಿದ್ರ ಕೆಲಸ ಮೊದ್ಲ, ನಂಬರ್ ಆಮ್ಯಾಲೆ. ಹೇಳಿದ ಮ್ಯಾಲೆ ಹತ್ತು ಸೆಕೆಂಡ್ ಕಾಯೂವಂಗ ಇಡ್ರಿ, ಅವ್ರು ಕಿವಿಯಿಂದ ಫೋನ್ ತಗದು, ಬಟನ್ ಹುಡುಕಿ ಒತ್ಬೇಕಲ್ಲ.